ಡಕ್ಟಿನ ಅಂಚು

ಗೆರೆ ಇನ್ನೂ ಸ್ವಲ್ಪ ಸಣ್ಣಗಾಗಬೇಕು ಎಂದು ಸುಭಾಷ ಹನ್ನೊಂದನೇ ಸಲ ಹೇಳಿದಾಗ ಶಿವಕುಮಾರಿ ವಾದಕ್ಕೆ ಹೋಗಲಿಲ್ಲ. ಫೈಲಿನಲ್ಲಿ ಒಂದು ಅಂಕಿಯನ್ನು ಕೊಂಚ ಇಳಿಸಿ, ಸೇವ್ ಮಾಡಿ, ಪರದೆಯನ್ನು ಅವನತ್ತ ತಿರುಗಿಸಿದಳು. ಪರದೆಯಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡ ಕೂಲಿಯಾಳಿನ ಬೊಂಬೆ ನಿಂತಿತ್ತು. ಹೆಲ್ಮೆಟ್ಟಿನ ಸುತ್ತ ಕಪ್ಪು ಗೆರೆ ಕೂದಲೆಳೆಯಷ್ಟಾಗಿತ್ತು.

"ಹಾಂ, ಈಗ ಬಂತು ನೋಡು," ಎಂದು ಸುಭಾಷ ತನ್ನ ಕುರ್ಚಿಗೆ ಹೋದ.

ವಿಲೆ ಪಾರ್ಲೆ ಪೂರ್ವದಲ್ಲಿ, ಸ್ಟೇಷನ್ನಿಂದ ಆರು ನಿಮಿಷ ನಡೆದರೆ ಸಿಗುವ ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಅವನ ಸ್ಟುಡಿಯೋ. ಒಟ್ಟು ಐದು ಜನ. ಶಿವಕುಮಾರಿ ಅಲ್ಲಿ ಸೇರಿ ಏಳು ವರ್ಷವಾಗಿತ್ತು. ವಯಸ್ಸು ಮೂವತ್ತಾರು. ಬೆಳಿಗ್ಗೆ ವಿಕ್ರೋಳಿಯಿಂದ ಲೋಕಲ್ ಹಿಡಿದು ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಅಂಧೇರಿ, ಮತ್ತೆ ಲೋಕಲ್‌ನಲ್ಲಿ ಪಾರ್ಲೆ. ಸಂಜೆ ಅದೇ ದಾರಿ ತಿರುಗಾಮುರುಗಾ. ಕುರ್ಚಿಗೆ ಬಂದು ಕೂರುವಷ್ಟರಲ್ಲೇ ಅವಳ ಅರ್ಧ ದಿನದ ಶಕ್ತಿ ಮುಗಿದಿರುತ್ತಿತ್ತು.

ಕೆಲಸ ಕೊಟ್ಟಿದ್ದು ಒಂದು ಕಟ್ಟಡ ಕಂಪನಿ. ಸೈಟಿನ ಕೂಲಿಗಳಿಗೆ ಜೋಪಾನ ಕಲಿಸಲು ಟ್ಯಾಬ್ಲೆಟ್ಟಿನಲ್ಲಿ ಆಡುವ ಆಟದಂಥದ್ದು ಬೇಕಾಗಿತ್ತು. ಅಕ್ಷರ ಬರದವರೂ ಬೆರಳಿನಿಂದ ಬೊಂಬೆಯನ್ನು ನಡೆಸಬೇಕು. ಏಣಿ, ವೈರು, ತೆರೆದ ಹೊಂಡ ಎದುರಾದಾಗ ನಿಲ್ಲಬೇಕು, ಬೆಲ್ಟ್ ಹಾಕಬೇಕು, ಸುತ್ತಿ ಹೋಗಬೇಕು. ಟ್ಯಾಬ್ಲೆಟ್ಟುಗಳು ಹಳೆಯವು. ನಿಜದಂತೆ ಕಾಣುವ ಚಿತ್ರ ಅವುಗಳಿಗೆ ಭಾರವಾಗುತ್ತದೆಂದು ಸುಭಾಷ ಕಾಮಿಕ್ಸಿನ ನೋಟ ಆರಿಸಿದ್ದ. ಅದೇನೂ ತಪ್ಪು ಆಯ್ಕೆಯಾಗಿರಲಿಲ್ಲ.

ಆ ನೋಟ ಹುಟ್ಟುವುದು ಫ್ರಾಗ್ಮೆಂಟ್ ಶೇಡರ್ ಎಂಬ ಪುಟ್ಟ ಪ್ರೋಗ್ರಾಮಿನಿಂದ. ಚಿತ್ರದ ಒಂದೊಂದು ಪಿಕ್ಸೆಲ್ಲಿಗೂ ಅದು ಬೇರೆಬೇರೆಯಾಗಿ ಓಡುತ್ತದೆ. ಈ ಚುಕ್ಕಿಗೆ ಯಾವ ಬಣ್ಣ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆ ಜಾಗದ ಮೇಲ್ಮೈ ಯಾವ ದಿಕ್ಕಿಗೆ ಮುಖ ಮಾಡಿದೆ, ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ನೋಡಿ ಎರಡನ್ನೂ ಗುಣಿಸುತ್ತದೆ. ಬೆಳಕಿಗೆ ನೇರ ಎದುರಾದರೆ ಉತ್ತರ ಒಂದು, ಅಡ್ಡಲಾದರೆ ಸೊನ್ನೆ. ಸಾಮಾನ್ಯ ಚಿತ್ರದಲ್ಲಿ ಒಂದರಿಂದ ಸೊನ್ನೆಗೆ ಬೆಳಕು ನಯವಾಗಿ ಇಳಿಯುತ್ತದೆ. ಶಿವಕುಮಾರಿ ಅದನ್ನು ಮೂರು ಮೆಟ್ಟಿಲಾಗಿ ಕತ್ತರಿಸಿದ್ದಳು: ಬೆಳಕು, ನಡುಬಣ್ಣ, ಕಡು ನೀಲಿ. ನಡುವೆ ಬೇರೇನೂ ಇಲ್ಲ. ಮೆಟ್ಟಿಲಿನ ಅಂಚು ಹರಿದ ಕಾಗದದಂತೆ ಕಾಣದಿರಲೆಂದು ಒಂದು ಪಿಕ್ಸೆಲ್ಲಿನಷ್ಟು ಜಾಗದಲ್ಲಿ ಮಾತ್ರ ಎರಡು ಬಣ್ಣ ಬೆರೆಯುವಂತೆ ಮಾಡಿದ್ದಳು. ಇದನ್ನು ಬರೆಯುವಾಗ ಅವಳಿಗೆ ಖುಷಿಯಾಗಿತ್ತು. ಆದರೆ ಅದು ಮೂರು ತಿಂಗಳ ಹಿಂದಿನ ಮಾತು.

ಗೆರೆಯದೇ ತಕರಾರು. ಅವಳು ಸುಲಭದ ದಾರಿ ಹಿಡಿದಿದ್ದಳು. ಮೇಲ್ಮೈ ನೋಡುವವನ ಕಣ್ಣಿಗೆ ಹೆಚ್ಚುಕಡಿಮೆ ಅಡ್ಡಲಾಗಿ ತಿರುಗಿದ್ದರೆ ಆ ಚುಕ್ಕಿಯನ್ನು ಕಪ್ಪು ಮಾಡು, ಅಷ್ಟೇ. ಹೆಲ್ಮೆಟ್ಟು, ಕೆನ್ನೆ, ಡ್ರಮ್ಮು, ಪೈಪು ಇಂಥ ದುಂಡನೆಯ ವಸ್ತುಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ದುಂಡಗಿನದು ಅಂಚಿನ ಕಡೆ ಬಾಗುತ್ತ ಬಾಗುತ್ತ ಕಣ್ಣಿಗೆ ಅಡ್ಡಲಾಗುತ್ತದೆ, ಗೆರೆ ತಾನಾಗಿ ಮೂಡುತ್ತದೆ. ಚಪ್ಪಟೆ ವಸ್ತುಗಳ ಕಥೆ ಬೇರೆ. ಒಂದು ಸ್ಲ್ಯಾಬಿನ ಮೇಲ್ಮೈಯೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವುದರಿಂದ ಗೆರೆ ಒಂದೋ ಬರುವುದೇ ಇಲ್ಲ, ಇಲ್ಲವೇ ಓರೆಯಾಗಿ ನೋಡಿದಾಗ ಇಡೀ ಮೇಲ್ಮೈಯೇ ಕಪ್ಪಾಗುತ್ತದೆ.

ಇದನ್ನು ಮೊದಲು ಕಂಡವಳು ಪಕ್ಕದ ಕುರ್ಚಿಯ ಜೀನತ. ಕಟ್ಟಡ, ಏಣಿ, ಹಲಗೆಗಳ ಮಾಡೆಲ್ಲುಗಳನ್ನು ಮಾಡುತ್ತಿದ್ದವಳು ಅವಳು. ಬೈಕುಲ್ಲಾದಲ್ಲಿ ಹುಟ್ಟಿ ಬೆಳೆದಿದ್ದರೂ ಮನೆಯವರು ವಿಜಯಪುರದ ಕಡೆಯವರಾದ್ದರಿಂದ ಶಿವಕುಮಾರಿಯ ಜೊತೆ ತಡವರಿಸುತ್ತಲಾದರೂ ಕನ್ನಡದಲ್ಲೇ ಮಾತಾಡುತ್ತಿದ್ದಳು.

"ಅಕ್ಕಾ, ನನ್ನ ಸ್ಲ್ಯಾಬಿಗೆ ಗೆರಿನೇ ಬರಾಂಗಿಲ್ಲಲ್ಲ. ಪೂರಾ ಸಪಾಟ್ ಕಾಣಿಸ್ತದ."

"ಗೊತ್ತದ. ಬ್ಯಾರೆ ರೀತಿ ಬರೀಬೇಕಾಗ್ತದ. ಎರಡು ವಾರ ಬೇಕು."

ಶಿವಕುಮಾರಿ ಸುಭಾಷನಿಗೂ ಹೇಳಿದ್ದಳು. ಕ್ಲೈಂಟಿಗೆ ತೋರಿಸುವುದು ಹೆಲ್ಮೆಟ್ಟು ಹಾಕಿದ ಮುಖ, ಸ್ಲ್ಯಾಬಲ್ಲ, ಅದನ್ನು ಆಮೇಲೆ ನೋಡೋಣ ಎಂದಿದ್ದ ಅವನು. ಆ ಆಮೇಲೆ ಬರಲೇ ಇಲ್ಲ. ಗೆರೆ ದಪ್ಪ, ಗೆರೆ ಸಣ್ಣ, ನೀಲಿ ಜಾಸ್ತಿ, ನೀಲಿ ಕಮ್ಮಿ ಎನ್ನುತ್ತಲೇ ವಾರಗಳು ಕಳೆದವು. ಅವಳೂ ಮತ್ತೆ ಕೇಳಲಿಲ್ಲ. ದಣಿದಿದ್ದಳು. ಕೇಳಿದರೆ ಆ ಕೆಲಸವೂ ತನ್ನ ತಲೆಗೇ ಬರುತ್ತದೆಂದು ಅವಳಿಗೆ ಗೊತ್ತಿತ್ತು.

* * *

ಮೊದಲ ಪರೀಕ್ಷೆ ವಿಕ್ರೋಳಿಯ ಒಂದು ಸೈಟಿನಲ್ಲಿತ್ತು. ಅಲ್ಲಿನ ಕೂಲಿಗಳಲ್ಲಿ ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯವರು. ಕನ್ನಡ ಚೆನ್ನಾಗಿ ಬರುವವಳು ನೀನೇ, ಮನೆಯೂ ಅಲ್ಲೇ ಹತ್ತಿರ, ನೀನೇ ಹೋಗು ಎಂದ ಸುಭಾಷ. ಒಂದು ದಿನವಾದರೂ ಮೂರು ಗಾಡಿ ಬದಲಿಸುವುದು ತಪ್ಪಿತಲ್ಲ ಎಂದು ಶಿವಕುಮಾರಿ ಒಪ್ಪಿಕೊಂಡಳು. ಸುಭಾಷನೂ ಹನ್ನೊಂದರ ಹೊತ್ತಿಗೆ ಬರುವವನಿದ್ದ.

ಸೈಟಿನ ಆಫೀಸೆಂದರೆ ತಗಡಿನ ಕಂಟೇನರು. ಒಳಗೆ ಒಂದು ಎಸಿ, ನಾಲ್ಕು ಟೇಬಲ್ಲು. ಸೇಫ್ಟಿ ಆಫೀಸರ್ ಶ್ರೀಶೈಲ ಅಕ್ಕಲಕೋಟೆ ಕಡೆಯವರು. ಕೆಲಸದಲ್ಲಿ ಅಚ್ಚುಕಟ್ಟು, ಮಾತು ಕಮ್ಮಿ. ಎತ್ತರದಲ್ಲಿ ಕೆಲಸ ಮಾಡುವ ಹದಿನಾಲ್ಕು ಜನರ ಪಟ್ಟಿ ಅವರ ಕೈಯಲ್ಲಿತ್ತು.

"ಒಬ್ಬೊಬ್ಬರಾಗಿ ಕೂಡಸ್ತೀನ್ರಿ ಮೇಡಂ. ಪಾಸಾದವರಿಗೆ ಇವತ್ತೇ ಹೈಟ್ ಪಾಸ್ ಕೊಡೋದದ."

"ಇದರ ಮ್ಯಾಲೆ ಪಾಸ್ ಕೊಡ್ತೀರೇನ್ರಿ?" ಶಿವಕುಮಾರಿ ಕೇಳಿದಳು. "ಇದು ಕಲಿಸೋದಕ್ಕ ಮಾಡಿದ್ದು ಅಂತ ನಮಗ ಹೇಳಿದ್ರು."

"ಮೊದಲು ಹಂಗೇ ಇತ್ರಿ. ಹೋದ ವಾರ ಮ್ಯಾಲಿನ ಆಫೀಸಿಂದ ಹೊಸ ಆರ್ಡರ್ ಬಂತು. ಫೇಲಾದವರು ಹತ್ತು ದಿನ ಮ್ಯಾಲೆ ಹತ್ತಂಗಿಲ್ಲ, ಕೆಳಗ ಕೆಲಸ. ಹತ್ತು ದಿನ ಆದಮ್ಯಾಲೆ ಮತ್ತ ಕೂಡಬೇಕು."

ಮೊದಲ ಇಬ್ಬರು ಹುಡುಗರು ಮೊಬೈಲಿನಲ್ಲಿ ಆಟ ಆಡಿ ಪಳಗಿದವರು, ಸರಾಗವಾಗಿ ಮುಗಿಸಿದರು. ಮೂರನೆಯವರು ಕಾಶಪ್ಪ. ಶಹಾಪುರ ತಾಲ್ಲೂಕಿನವರು, ಐವತ್ತೆಂಟು ದಾಟಿತ್ತು, ಮೂವತ್ತು ವರ್ಷದಿಂದ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ. ಕೈಯನ್ನು ಅಂಗಿಗೆ ಒರೆಸಿಕೊಂಡು, ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಏಣಿಯನ್ನು ನೋಡಿಕೊಂಡು ಹತ್ತಿದರು. ಬೆಲ್ಟಿನ ಹುಕ್ಕನ್ನು ಸರಿಯಾದ ಪೈಪಿಗೇ ಹಾಕಿದರು. ಹರಿದ ವೈರನ್ನು ದೂರದಿಂದಲೇ ಗುರುತಿಸಿ ಸುತ್ತಿ ಹೋದರು. ಆಮೇಲೆ ನಾಲ್ಕನೇ ಮಹಡಿಯ ಸ್ಲ್ಯಾಬಿನ ದೃಶ್ಯ ಬಂತು. ಅಲ್ಲಿ ಲಿಫ್ಟಿನ ಡಕ್ಟು, ಅಂದರೆ ಲಿಫ್ಟಿಗೆಂದು ಮುಚ್ಚದೆ ಬಿಟ್ಟ ಚೌಕ ಹೊಂಡವಿತ್ತು. ಕಾಶಪ್ಪ ಬೊಂಬೆಯನ್ನು ನೆಟ್ಟಗೆ ಅದರೊಳಗೆ ನಡೆಸಿದರು.

ಟ್ಯಾಬ್ಲೆಟ್ಟು ಕೆಂಪಾಗಿ ಕಿರುಗುಟ್ಟಿತು.

"ಇನ್ನೊಂದು ಚಾನ್ಸ್ ಅದ," ಎಂದರು ಶ್ರೀಶೈಲ.

ಕಾಶಪ್ಪ ಮತ್ತೆ ಅದೇ ಜಾಗಕ್ಕೆ ಬಂದರು. ಈ ಸಲ ನಿಧಾನವಾಗಿ ನಡೆಸಿದರು, ಎಡಕ್ಕೆ ಬಲಕ್ಕೆ ನೋಡಿದರು, ಮತ್ತೆ ಬಿದ್ದರು.

ಶ್ರೀಶೈಲ ಪಟ್ಟಿಯಲ್ಲಿ ಗುರುತು ಹಾಕಿದರು. ಕಾಶಪ್ಪ ಏಳಲಿಲ್ಲ. ಶಿವಕುಮಾರಿಯ ಮುಖ ನೋಡಿ ಮೆಲ್ಲಗೆ ಕೇಳಿದರು.

"ತಂಗಿ, ಅಲ್ಲಿ ತೂತು ಇತ್ತೇನು?"

"ಹೌದ್ರಿ ಕಾಕಾ. ಡಕ್ಟು."

"ನನಗ ನೆರಳು ಕಂಡಿತು. ಕಂಬದ ನೆರಳು. ನೆರಳು ದಾಟಿ ಹೋಗಾಕ ಏನದ ಅಂತ ಹೋದೆ."

ಮಧ್ಯಾಹ್ನ ಮೂರರೊಳಗೆ ಹದಿನಾಲ್ಕರಲ್ಲಿ ಒಂಬತ್ತು ಜನ ಅದೇ ಜಾಗದಲ್ಲಿ ಬಿದ್ದರು. ಉಳಿದ ಐವರಲ್ಲಿ ಇಬ್ಬರು ಬಿದ್ದವರನ್ನು ಬಾಗಿಲಿನಿಂದ ನೋಡಿ ಜಾಗ ತಿಳಿದುಕೊಂಡವರು. ಇವರಿಗೆ ಟ್ಯಾಬ್ಲೆಟ್ ಹೊಸದು, ರೂಢಿಯಾಗಬೇಕು ಎಂದ ಸುಭಾಷ. ಇರಬಹುದು ಎಂದರು ಶ್ರೀಶೈಲ. ಶಿವಕುಮಾರಿ ಟ್ಯಾಬ್ಲೆಟ್ಟನ್ನು ಎತ್ತಿಕೊಂಡು ಆ ದೃಶ್ಯವನ್ನು ತಾನೇ ತೆರೆದು ನೋಡಿದಳು. ಎಷ್ಟೋ ಸಲ ನೋಡಿದ ಜಾಗ. ಅಲ್ಲಿ ಹೊಂಡವಿದೆಯೆಂದು ಗೊತ್ತಿದ್ದುದರಿಂದ ಅವಳ ಕಣ್ಣಿಗೆ ಯಾವಾಗಲೂ ಹೊಂಡವೇ ಕಂಡಿತ್ತು. ಈಗ ಗೊತ್ತಿಲ್ಲದವಳ ಹಾಗೆ ನೋಡಲು ಪ್ರಯತ್ನಿಸಿದಳು.

ಸ್ಲ್ಯಾಬಿನ ಮೇಲೆ ಕಂಬದ ನೆರಳು ಉದ್ದಕ್ಕೆ ಬಿದ್ದಿತ್ತು. ನೆರಳಿಗೆ ಬೆಳಕಿಲ್ಲ, ಹಾಗಾಗಿ ಕೆಳಗಿನ ಮೆಟ್ಟಿಲು, ಕಡು ನೀಲಿ. ಡಕ್ಟಿನೊಳಗೂ ಬೆಳಕಿಲ್ಲ. ಅದರ ಗೋಡೆಗೂ ತಳಕ್ಕೂ ಅದೇ ಕಡು ನೀಲಿ. ಬೆಳಕನ್ನು ಮೂರೇ ಬಣ್ಣಕ್ಕೆ ಇಳಿಸಿದ ಮೇಲೆ ಕತ್ತಲಿನಲ್ಲಿ ಆಕಾರ ಹೇಳುವಂಥದ್ದು ಏನೂ ಉಳಿಯುವುದಿಲ್ಲ. ಅದನ್ನು ಗೆರೆ ಹೇಳಬೇಕಿತ್ತು. ಗೆರೆಯೇ ಇರಲಿಲ್ಲ. ನೆರಳೂ ಹೊಂಡವೂ ಕೂಡಿ ಒಂದೇ ನೀಲಿ ಪಟ್ಟೆಯಾಗಿ ಮಲಗಿದ್ದವು.

ಆಗಲೇ ಹೇಳಬೇಕಿತ್ತು. ಸುಭಾಷ ಶ್ರೀಶೈಲರ ಜೊತೆ ಚಹಾ ಕುಡಿಯುತ್ತಿದ್ದ. ಹೊರಗೆ ಬಿಸಿಲಿನಲ್ಲಿ ಒಂಬತ್ತು ಜನ ಸರಳು ಹೊರಲು ಸಾಲಾಗಿ ನಿಂತಿದ್ದರು, ಕಾಶಪ್ಪ ಕೊನೆಯಲ್ಲಿ. ಶಿವಕುಮಾರಿ ಬ್ಯಾಗು ಹೆಗಲಿಗೇರಿಸಿಕೊಂಡು ಮನೆಗೆ ನಡೆದುಬಿಟ್ಟಳು.

* * *

ಮನೆ ವಿಕ್ರೋಳಿ ಪಾರ್ಕ್‌ಸೈಟಿನ ಏರಿನ ಮೇಲೆ. ಅವ್ವ ಸೋಮವ್ವ ಕಾಲು ಚಾಚಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ವಯಸ್ಸಿದ್ದಾಗ ಅವಳೂ ಹತ್ತು ಹದಿನೈದು ವರ್ಷ ಸೈಟುಗಳಲ್ಲಿ ಇಟ್ಟಿಗೆ ಹೊತ್ತವಳು. ಮಗಳು ಬೇಗ ಬಂದದ್ದು ಕಂಡು ಏನಾಯಿತೆಂದು ಕೇಳಿದಳು. ಶಿವಕುಮಾರಿ ಹೇಳಿದಳು. ಶೇಡರಿನ ವಿಷಯ ಬಿಟ್ಟು, ಒಬ್ಬ ಮುದುಕನಿಗೆ ಹೊಂಡ ಕಾಣಲಿಲ್ಲ, ಅವನನ್ನು ಕೆಳಗೆ ಇಳಿಸಿದರು ಎಂದಷ್ಟೇ.

"ಕೆಳಗ ಇಳಿಸಿದ್ರ ಅವನಿಗೇನು, ಆರಾಮಲ್ಲ," ಎಂದಳು ಸೋಮವ್ವ. ಒಂದು ಕಂತೆ ಬಿಡಿಸಿ ಮುಗಿಸಿದ ಮೇಲೆ ಮತ್ತೆ ಹೇಳಿದಳು. "ಆದ್ರ ಮಂದಿ ಮುಂದ ಫೇಲ್ ಅಂದ್ರಲ್ಲ, ಅದು ಛಲೋ ಆಗಲಿಲ್ಲ. ಮೂವತ್ತು ವರ್ಷ ಅಂತಿ."

ಶಿವಕುಮಾರಿ ಮುಖ ತೊಳೆಯಲು ಹೋದಳು.

ಮಾರನೆಯ ದಿನ ಪಾರ್ಲೆಗೆ ಬಂದವಳೇ ಸುಭಾಷನ ಎದುರು ಕೂತಳು.

"ಅವರ ತಪ್ಪಲ್ಲ. ನನ್ನ ಶೇಡರಿನ ತಪ್ಪು. ಹೊಂಡಕ್ಕೆ ಅಂಚಿನ ಗೆರೆ ಇಲ್ಲ, ನೆರಳಿಗೂ ಅದಕ್ಕೂ ಒಂದೇ ಬಣ್ಣ. ಈ ವಿಷಯ ನನಗೆ ಮೊದಲೇ ಗೊತ್ತಿತ್ತು. ನಿಮಗೂ ಹೇಳಿದ್ದೆ, ಆದರೆ ಒತ್ತಿ ಹೇಳಲಿಲ್ಲ."

ಸುಭಾಷ ಕುರ್ಚಿಗೆ ಒರಗಿದ. ಅವನೂ ದಣಿದ ಮನುಷ್ಯನೇ. ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಸರಿ ಮಾಡೋಣ. ಮುಂದಿನ ವರ್ಷನ್‌ನಲ್ಲಿ ಹಾಕಿಬಿಡು. ಆದರೆ ಬಗ್ ಅಂತ ಅವರಿಗೆ ಬರೆದು ಕೊಡಬೇಡ. ಬರೆದು ಕೊಟ್ಟರೆ ಇಡೀ ಕೆಲಸವೇ ಸಂಶಯಕ್ಕೆ ಬರುತ್ತೆ."

"ಬರೆಯದಿದ್ದರೆ ಆ ಒಂಬತ್ತು ಜನ ಫೇಲಾದವರಾಗಿಯೇ ಉಳೀತಾರೆ."

"ಹತ್ತು ದಿನ ಅಷ್ಟೇ ಅಲ್ವಾ?"

"ಹತ್ತು ದಿನ ಆದ ಮೇಲೆ ಇದೇ ಹೊಂಡದ ಮುಂದೆ ಕೂರಿಸ್ತಾರೆ."

ಸುಭಾಷ ತನ್ನ ಪರದೆಯತ್ತ ತಿರುಗಿದ. ಬೇಡವೆಂದು ಮತ್ತೊಮ್ಮೆ ಹೇಳಲಿಲ್ಲ. ಶಿವಕುಮಾರಿ ಕುರ್ಚಿಗೆ ಬಂದು ಶ್ರೀಶೈಲರಿಗೆ ಆರು ಸಾಲಿನ ಮೇಲ್ ಬರೆದಳು. ನೆರಳು ಮತ್ತು ಹೊಂಡದ ಚಿತ್ರವನ್ನು ಅದಕ್ಕೆ ಅಂಟಿಸಿ, ಸುಭಾಷನಿಗೂ ಒಂದು ಪ್ರತಿ ಹೋಗುವಂತೆ ಕಳಿಸಿದಳು. ಕಳಿಸಿದ ಮೇಲೆ ಹಗುರವಾಗಬೇಕಿತ್ತು, ಹಾಗೇನೂ ಆಗಲಿಲ್ಲ. ಕುತ್ತಿಗೆಯ ಹಿಂದೆ ಹಿಡಿದುಕೊಂಡ ನೋವು ಹಾಗೆಯೇ ಇತ್ತು.

ಮಧ್ಯಾಹ್ನ ಶ್ರೀಶೈಲರ ಫೋನ್ ಬಂತು.

"ಮೇಡಂ, ರಿಸಲ್ಟ್ ಮ್ಯಾಲೆ ಹೋಗ್ಯಾವ. ಅವನ್ನ ನಾ ಅಳಸಾಕ ಬರಂಗಿಲ್ಲ."

"ಮತ್ತೇನು ಮಾಡೋದ್ರಿ ಸರ್?"

"ಮಂಗಳವಾರದೊಳಗ ಸುಧಾರಿಸಿದ್ದು ಕೊಡ್ರಿ. ಹೊಸ ವರ್ಷನ್ ಟ್ರಯಲ್ ಅಂತ ಹೇಳಿ ಎಲ್ಲಾರನ್ನೂ ಮತ್ತ ಕೂಡಸ್ತೀನಿ. ಅದರಾಗ ಪಾಸಾದ್ರ ಅದೇ ನಡೀತದ." ಫೋನ್ ಇಡುವ ಮೊದಲು ಹೇಳಿದರು. "ನಾನೂ ಆ ಫೋಟೋ ನೋಡಿದೆ. ಎಲ್ಲಿ ತೂತು ಅಂತ ನನಗೂ ತಿಳೀಲಿಲ್ರಿ."

ಅಂದು ಗುರುವಾರ. ಎರಡು ವಾರದ ಕೆಲಸಕ್ಕೆ ಐದು ದಿನ.

* * *

ಹೊಸ ದಾರಿ ಅವಳಿಗೆ ಗೊತ್ತಿದ್ದದ್ದೇ. ಮೊದಲು ಇಡೀ ದೃಶ್ಯವನ್ನು ತೆರೆಯ ಹಿಂದೆ ಬರೆದಿಟ್ಟುಕೊಳ್ಳಬೇಕು. ಬಣ್ಣದ ಚಿತ್ರ ಒಂದು. ಜೊತೆಗೆ, ಪ್ರತಿ ಚುಕ್ಕಿಯೂ ಕ್ಯಾಮೆರಾದಿಂದ ಎಷ್ಟು ಆಳದಲ್ಲಿದೆ ಎಂಬ ಲೆಕ್ಕದ ಚಿತ್ರ ಒಂದು, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಇನ್ನೊಂದು. ಆಮೇಲೆ ಎರಡನೆಯ ಫ್ರಾಗ್ಮೆಂಟ್ ಶೇಡರ್ ಪ್ರತಿ ಪಿಕ್ಸೆಲ್ಲಿನ ಸುತ್ತಮುತ್ತ ಇಣುಕಿ ನೋಡುತ್ತದೆ. ಅಕ್ಕಪಕ್ಕದವುಗಳ ಆಳದಲ್ಲಿ ಅಥವಾ ದಿಕ್ಕಿನಲ್ಲಿ ತಟ್ಟನೆ ವ್ಯತ್ಯಾಸವಿದ್ದರೆ ಅಲ್ಲಿ ಅಂಚಿದೆ, ಕಪ್ಪು ಹಾಕು. ವಸ್ತು ದುಂಡಗಿದೆಯೋ ಚಪ್ಪಟೆಯಿದೆಯೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಣ್ಣ ಒಂದೇ ಇದ್ದರೂ ಅಡ್ಡಿಯಿಲ್ಲ.

ಡಕ್ಟಿಗೆ ಎರಡೂ ಬೇಕಾದವು. ಬೊಂಬೆಯ ಕಡೆಗಿನ ಅಂಚಿನಲ್ಲಿ ಸ್ಲ್ಯಾಬು ಮುಗಿದ ಕೂಡಲೇ ಕಣ್ಣು ಆಚೆಯ ಗೋಡೆಗೋ ತಳಕ್ಕೋ ಹಾರುತ್ತದೆ. ಅಲ್ಲಿ ಆಳ ಜಿಗಿಯುತ್ತದೆ. ಆಚೆಯ ಅಂಚಿನಲ್ಲಿ ಹೊಂಡದ ಗೋಡೆ ಮೇಲೆ ಬಂದು ಸ್ಲ್ಯಾಬನ್ನು ಕೂಡುತ್ತದೆ. ಅಲ್ಲಿ ಆಳ ಒಂದೇ, ದಿಕ್ಕು ಮಾತ್ರ ಬದಲು. ಆಳವನ್ನಷ್ಟೇ ನೋಡಿದಾಗ ಹೊಂಡಕ್ಕೆ ಹತ್ತಿರದ ಅಂಚು ಮಾತ್ರ ಬಂತು. ದಿಕ್ಕನ್ನೂ ಸೇರಿಸಿದ ಮೇಲೆ ಚೌಕ ಪೂರ್ತಿಯಾಯಿತು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವಳ ಕಂಪ್ಯೂಟರಿನಲ್ಲಿ ಚೌಕ ಅಚ್ಚು ಒತ್ತಿದಂತೆ ಕಾಣುತ್ತಿತ್ತು. ಅಂದು ಜೀನತಳೂ ರಜೆ ಬಿಟ್ಟು ಬಂದಿದ್ದಳು. ಇಬ್ಬರೂ ಟ್ಯಾಬ್ಲೆಟ್ಟಿಗೆ ಹಾಕಿ ನೋಡಿದರು. ಸ್ಲ್ಯಾಬಿನ ತುಂಬ ಕಪ್ಪು ಪಟ್ಟೆಗಳು, ಚಾಪೆ ಹಾಸಿದ ಹಾಗೆ.

"ಇಲ್ಲಿ ಬರೋಬರ್ ಅದ, ಅಲ್ಲಿ ಯಾಕ ಹೀಂಗ ಅಕ್ಕಾ?"

ಶಿವಕುಮಾರಿಗೆ ತಕ್ಷಣ ಹೊಳೆಯಲಿಲ್ಲ. ಹಣೆಗೆ ಕೈಹಚ್ಚಿ ಕೂತಳು. ಫೈಲನ್ನು ಮೇಲಿಂದ ಕೆಳಗೆ ಓದಿದಳು, ಮತ್ತೆ ಓದಿದಳು. ಮೂರನೇ ಸಲ ಮೊದಲ ಸಾಲಿನಲ್ಲೇ ಕಣ್ಣು ನಿಂತಿತು. ಅಂಕಿಗಳಿಗೆ ನಡುಮಟ್ಟದ ನಿಖರತೆ ಸಾಕು ಎಂದು ಅವಳೇ ಹಿಂದೆ ಬರೆದಿದ್ದಳು. ಬಣ್ಣಕ್ಕೆ ಅದು ಸಾಕಾಗಿತ್ತು. ಮೇಜಿನ ಮೇಲಿನ ಕಂಪ್ಯೂಟರು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಪೂರ್ತಿ ನಿಖರತೆಯಲ್ಲೇ ಲೆಕ್ಕ ಹಾಕುತ್ತದೆ. ಟ್ಯಾಬ್ಲೆಟ್ಟು ಮಾತ್ರ ಹೇಳಿದ ಹಾಗೆ ಕೇಳುತ್ತದೆ, ಅಂಕಿಯ ಬಾಲ ಕತ್ತರಿಸುತ್ತದೆ. ಆಳದ ಲೆಕ್ಕ ಹೀಗೆ ಕತ್ತರಿಸಿಹೋಗಿ ಮೆಟ್ಟಿಲು ಮೆಟ್ಟಿಲಾಗಿತ್ತು. ಪ್ರತಿ ಮೆಟ್ಟಿಲೂ ಅಂಚೆಂದು ಶೇಡರು ಗೆರೆ ಎಳೆದಿತ್ತು. ಒಂದು ಪದ ಬದಲಿಸಿ ನಿಖರತೆ ಏರಿಸಿದಳು. ಹತ್ತಿರದ ಪಟ್ಟೆಗಳು ಹೋದವು.

ದೂರದ ಪಟ್ಟೆಗಳು ಹೋಗಲಿಲ್ಲ. ಅಲ್ಲಿ ನೆಲ ಕಣ್ಣಿಗೆ ತೀರ ಓರೆಯಾಗುವುದರಿಂದ ಒಂದು ಪಿಕ್ಸೆಲ್ಲಿಗೂ ಪಕ್ಕದ್ದಕ್ಕೂ ನಡುವೆ ಮಾರುಗಟ್ಟಲೆ ದೂರ. ಅಲ್ಲಿರುವುದು ಬರೀ ನೆಲ, ಶೇಡರಿಗೆ ಅದೂ ಅಂಚು. ನೆಲ ಎಷ್ಟು ಓರೆಯೋ ಅಷ್ಟು ಸಡಿಲ ಬಿಡು, ಎಷ್ಟು ದೂರವೋ ಅಷ್ಟು ಸಡಿಲ ಬಿಡು ಎಂದು ಎರಡು ಸಾಲು ಸೇರಿಸಿದಳು. ಎಷ್ಟೆಷ್ಟು ಎಂಬುದಕ್ಕೆ ಸೂತ್ರವಿರಲಿಲ್ಲ. ಅಂಕಿ ಬದಲಿಸು, ಟ್ಯಾಬ್ಲೆಟ್ಟಿಗೆ ಕಳಿಸು, ನೋಡು. ಹೆಚ್ಚು ಸಡಿಲ ಬಿಟ್ಟರೆ ಹೊಂಡದ ಹತ್ತಿರದ ಅಂಚೇ ಮಾಯ. ಕಮ್ಮಿ ಬಿಟ್ಟರೆ ಚಾಪೆ. ಹೀಗೆ ಆ ಮಧ್ಯಾಹ್ನ ನಲವತ್ತು ಸಲ. ಜೀನತ ಬೊಂಬೆಯನ್ನು ನಡೆಸುತ್ತಾ, ಕಾಣ್ತದ, ಕಾಣಂಗಿಲ್ಲ ಎಂದು ಹೇಳುತ್ತಾ ಹೋದಳು. ಕೊನೆಗೆ ಅವಳ ದನಿಯೂ ಬತ್ತಿತು.

ಸೋಮವಾರ ಹೊಸ ತೊಡಕು. ಆಟ ಎಳೆದೆಳೆದು ಓಡುತ್ತಿತ್ತು, ಸೆಕೆಂಡಿಗೆ ಮೂವತ್ತು ಚಿತ್ರ ಇದ್ದದ್ದು ಹತ್ತೊಂಬತ್ತಕ್ಕೆ ಇಳಿದಿತ್ತು. ಪ್ರತಿ ಪಿಕ್ಸೆಲ್ಲಿಗೂ ಅದನ್ನೂ ಸೇರಿಸಿ ಒಂಬತ್ತು ಜಾಗಗಳನ್ನು ಶೇಡರು ಓದುತ್ತಿತ್ತು, ಆಳಕ್ಕೊಮ್ಮೆ, ದಿಕ್ಕಿಗೊಮ್ಮೆ. ಅದನ್ನು ಮೂಲೆಯಿಂದ ಮೂಲೆಗೆ ನಾಲ್ಕೇ ಜಾಗಕ್ಕೆ ಇಳಿಸಿದಳು. ಗೆರೆ ಸ್ವಲ್ಪ ಒರಟಾಯಿತು. ಸೆಕೆಂಡಿಗೆ ಇಪ್ಪತ್ತೆಂಟು ಚಿತ್ರ ಬಂತು. ಸುಭಾಷ ಬಂದು ಹಿಂದೆ ನಿಂತು ನೋಡಿದ. ಗೆರೆಯ ಬಗ್ಗೆ ಏನೋ ಹೇಳಲು ಬಾಯಿ ತೆರೆದವನು, "ಚಹಾ ತರಿಸ್ಲಾ?" ಎಂದು ಕೇಳಿದ.

* * *

ಮಂಗಳವಾರ ಬೆಳಿಗ್ಗೆ ಕಂಟೇನರಿನಲ್ಲಿ ಮತ್ತೆ ಹದಿನಾಲ್ಕು ಜನ. ಹಿಂದಿನ ಸಲ ಬಿದ್ದವರಿಗೆ ಜಾಗ ಬಾಯಿಪಾಠವಾಗಿರುತ್ತದೆ ಎಂದು ಶಿವಕುಮಾರಿ ಜೀನತಳಿಂದ ಡಕ್ಟನ್ನು ಬೇರೆ ಕಡೆಗೆ ಸರಿಸಿ, ಕಂಬದ ನೆರಳು ನೇರ ಅದರ ಮೇಲೆಯೇ ಬೀಳುವಂತೆ ಇಡಿಸಿದ್ದಳು. ಅದು ಎಲ್ಲಿದೆ ಎಂದು ಶ್ರೀಶೈಲರಿಗೂ ಹೇಳಿರಲಿಲ್ಲ.

ಕಾಶಪ್ಪ ಮೊದಲು ಕೂತರು. ಏಣಿ, ಬೆಲ್ಟು, ವೈರು. ಸ್ಲ್ಯಾಬಿನ ಮೇಲೆ ಬೊಂಬೆ ನಾಲ್ಕು ಹೆಜ್ಜೆ ನಡೆದು ನಿಂತಿತು. ಕಾಶಪ್ಪ ಟ್ಯಾಬ್ಲೆಟ್ಟನ್ನು ಮುಖದ ಹತ್ತಿರ ತಂದರು. ಬೆರಳನ್ನು ಗಾಜಿಗೆ ಮುಟ್ಟಿಸದೆ, ಚೌಕದ ನಾಲ್ಕೂ ಅಂಚಿನ ಮೇಲೆ ಗಾಳಿಯಲ್ಲೇ ಓಡಿಸಿದರು. ಆಮೇಲೆ ಬೊಂಬೆಯನ್ನು ಬಲಕ್ಕೆ ಸುತ್ತಿಸಿ ಆಚೆ ದಾಟಿಸಿದರು. ಟ್ಯಾಬ್ಲೆಟ್ಟು ಹಸಿರಾಯಿತು.

"ಈಗ ಕಾಣಿಸ್ತಾ ಕಾಕಾ?"

"ಕಾಣಿಸ್ತು. ಯಾರೋ ಪೆನ್ಸಿಲ್ಲಿನಿಂದ ಗೀರಿದಂಗ ಅದ." ಟ್ಯಾಬ್ಲೆಟ್ಟನ್ನು ಮರಳಿಸುತ್ತಾ ಕೇಳಿದರು. "ಇದು ನೀ ಮಾಡಿದ್ದೇನು?"

"ಹೌದ್ರಿ. ಹಿಂದ ಕಾಣದಂಗ ಮಾಡಿದ್ದೂ ನಾನೇ. ನಿಮ್ಮ ತಪ್ಪೇನೂ ಇರಲಿಲ್ಲ."

ಕಾಶಪ್ಪ ಅವಳ ಮುಖ ನೋಡಿದರು. ಸಿಟ್ಟು ಬರಬಹುದೆಂದು ಶಿವಕುಮಾರಿ ಕಾದಳು.

"ಐದು ದಿನ ಸರಳು ಹೊತ್ತೀನಿ," ಎಂದರು. "ಹುಡುಗರು ನಕ್ಕರು, ಮುದುಕಗ ಕಣ್ಣು ಹೋಗ್ಯಾವ ಅಂತ. ನನಗೂ ಸಂಶಯ ಬಂದಿತ್ತು. ಐತವಾರ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಕಣ್ಣು ಛಲೋ ಅದಾವ ಅಂದರು."

ಕ್ಷಮಿಸ್ರಿ ಎಂದಳು ಶಿವಕುಮಾರಿ. ಕಾಶಪ್ಪ ಇರಲಿ ಎನ್ನುವಂತೆ ಕೈಯಾಡಿಸಿದರು. ಎದ್ದವರು ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿದರು.

"ಒಂದು ಮಾತು ತಂಗಿ. ಖರೇ ಡಕ್ಟಿಗೆ ಇಂಥಾ ಗೆರಿ ಇರಂಗಿಲ್ಲ. ಆದ್ರೂ ತೆರೆದಿದ್ದ ತೂತಿನಾಗ ನಮ್ಮಂಥವರು ಬೀಳಂಗಿಲ್ಲ, ಗಾಳಿ ತಿಳೀತದ, ಕೆಳಗಿನ ಸಪ್ಪಳ ತಿಳೀತದ. ನಾವು ಬೀಳೋದು ಮುಚ್ಚಿದ್ದರಾಗ. ಯಾರೋ ಮ್ಯಾಲೆ ಪ್ಲೈ ಹಲಗಿ ಒಗೆದು ಹೋಗಿರ್ತಾರ. ಮೊಳಿ ಹೊಡೆದಿರಂಗಿಲ್ಲ. ಪ್ಲೈ ಬಿದ್ದದ ಅಂತ ಕಾಲಿಡ್ತೀವಿ, ಪ್ಲೈ ಸಮೇತ ಕೆಳಗ. ನನ್ನ ಕಣ್ಣ ಮುಂದ ಇಬ್ಬರು ಹೋದರು. ಅದನ್ನ ಹಾಕು ನಿನ್ನ ಆಟದಾಗ."

ಶ್ರೀಶೈಲ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಕೇಳಿಸಿಕೊಂಡರು. "ಅದು ಖರೇ ಅದರಿ ಮೇಡಂ," ಎಂದರು.

ಹದಿಮೂರು ಜನ ಹೊಂಡದ ಮುಂದೆ ನಿಂತರು. ಒಬ್ಬನ ಬೆವರಿದ ಬೆರಳು ಜಾರಿ ಬೊಂಬೆ ಬಿತ್ತು. ಎರಡನೇ ಸಲಕ್ಕೆ ಅವನೂ ದಾಟಿದ. ಹನ್ನೆರಡರ ಹೊತ್ತಿಗೆ ಶ್ರೀಶೈಲ ಪಾಸುಗಳಿಗೆ ಸಹಿ ಹಾಕಿ ಮುಗಿಸಿದರು. ಹಿಂದಿನ ರಿಸಲ್ಟಿನ ಜೊತೆ ಶಿವಕುಮಾರಿಯ ಈಮೇಲನ್ನೂ ಕಡತಕ್ಕೆ ಸೇರಿಸುವುದಾಗಿ ಹೇಳಿದರು. ಮೇಲಿನವರು ಏನನ್ನುತ್ತಾರೋ ಗೊತ್ತಿಲ್ಲ, ಕಾಗದವಂತೂ ಇರುತ್ತದೆ ಎಂದರು. ಕಾಶಪ್ಪ ಕೊರಳಿಗೆ ಹೊಸ ಕಾರ್ಡು ಹಾಕಿಕೊಂಡು ಸಾಮಾನು ಏರಿಸುವ ಲಿಫ್ಟಿನ ಕಡೆ ನಡೆದರು. ಹಿಂದೆ ತಿರುಗಿ ನೋಡಲಿಲ್ಲ, ಜೊತೆಯವನೊಂದಿಗೆ ಯಾವುದೋ ಮಾತಿನಲ್ಲಿದ್ದರು.

ಶಿವಕುಮಾರಿ ಸುಭಾಷನಿಗೆ ಫೋನ್ ಮಾಡಿದಳು. ಎಲ್ಲರೂ ದಾಟಿದರು ಎಂದಳು. ಅವನು ಉಸಿರು ಬಿಟ್ಟದ್ದು ಕೇಳಿಸಿತು.

"ಇನ್ನೊಂದು ದೃಶ್ಯ ಬೇಕಾಗುತ್ತೆ. ಮುಚ್ಚಿದ ಡಕ್ಟು, ಮೊಳೆ ಹೊಡೆಯದ ಪ್ಲೈ," ಎಂದಳು.

"ಪ್ಲೈ ಅಂದ್ರೆ ಬರೀ ಚಪ್ಪಟೆ ಹಲಗೆ. ಅದು ಅಪಾಯ ಅಂತ ಹೇಗೆ ತೋರಿಸ್ತೀಯಾ?"

"ಮೂಲೆಯಲ್ಲಿ ಮೊಳೆ ಇದೆಯೋ ಇಲ್ಲವೋ ಕಾಣಬೇಕು. ಮೊಳೆ ಅಂದ್ರೆ ಎರಡು ಮೂರು ಪಿಕ್ಸೆಲ್ ಅಷ್ಟೇ. ಅಷ್ಟು ಸಣ್ಣದರ ಸುತ್ತ ಗೆರೆ ನಿಲ್ಲುತ್ತೋ ಇಲ್ಲವೋ ನೋಡಬೇಕು."

"ನಾಳೆ ನೋಡು. ಇವತ್ತು ಮನೆಗೆ ಹೋಗು."

ಅವಳು ಏರು ಹತ್ತಿ ಮನೆ ಸೇರುವಾಗ ಒಂದೂವರೆ. ಸೋಮವ್ವ ರೊಟ್ಟಿ, ಮೆಣಸಿನಕಾಯಿ ಪಲ್ಯ ಬಡಿಸಿಟ್ಟಳು. ಶಿವಕುಮಾರಿ ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸಿದಳು.

"ಏನಾತು ಆ ಮುದುಕಂದು?"

"ಪಾಸಾದ. ಮ್ಯಾಲೆ ಕೆಲಸಕ್ಕ ಹೋದ."

"ಛಲೋ ಆತು," ಎಂದು ಸೋಮವ್ವ ಉಳಿದ ಅರ್ಧ ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ಮಗಳು ಗೋಡೆಗೆ ಒರಗಿ ಫೋನಿನಲ್ಲಿ ಮೊಳೆ, ಪ್ಲೈ, ನಾಲ್ಕು ಮೂಲೆ ಎಂದು ಬರೆದುಕೊಳ್ಳುತ್ತಿದ್ದವಳು ಬರೆಯುತ್ತಲೇ ಕಣ್ಣು ಮುಚ್ಚಿದಳು. ಸೋಮವ್ವ ಎದ್ದು ಫೋನು ತೆಗೆದು ಪಕ್ಕಕ್ಕಿಟ್ಟು, ಫ್ಯಾನನ್ನು ಒಂದು ಅಂಕಿ ಏರಿಸಿದಳು.